ಅಜ್ಜಿಯ ಮುಖ ಯಾಕೆ ಅರಸಿನ ಬಣ್ಣ? ಮನೆಯೊಳಗಿನ ಫೋಟೋದ ಹಳದಿ ತೆಗೆಯುವ ಲೆಕ್ಕ

ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿನ ಫೋಟೋಗಳನ್ನು ಒಮ್ಮೆ ಗಮನಿಸಿ ನೋಡಿ. ಅಂಗಳದಲ್ಲಿ ತೆಗೆದದ್ದು ಸರಿಯಾಗಿಯೇ ಇರ್ತದೆ. ಚಾವಡಿಯಲ್ಲಿ, ದೇವರ ಕೋಣೆಯಲ್ಲಿ, ರಾತ್ರಿ ಊಟದ ಹೊತ್ತಿಗೆ ತೆಗೆದದ್ದರಲ್ಲಿ ಮಾತ್ರ ಎಲ್ಲರಿಗೂ ಒಟ್ಟಿಗೇ ಕಾಮಾಲೆ ಬಂದ ಹಾಗೆ ಕಾಣ್ತದೆ. ಕಳೆದ ರಜೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಾವು ಮೂವರು ನಮ್ಮ ನಮ್ಮ ಮನೆಯ ಇಂಥ ಫೋಟೋಗಳನ್ನು ಒಟ್ಟು ಮಾಡಿ ಸರಿಮಾಡಲು ಕುಳಿತೆವು. ಫಿಲ್ಟರ್ ಹಾಕಿ ಅಲ್ಲ, ಲೆಕ್ಕ ಹಾಕಿ. ಅದರಲ್ಲಿ ಗೊತ್ತಾದದ್ದು ಇಲ್ಲಿ ಉಂಟು.

ಹಳದಿ ಎಲ್ಲಿಂದ ಬಂತು?

ಹಳೆಯ ಗಾಜಿನ ಬಲ್ಬಿನ ಬೆಳಕು ಸುಮಾರು 2700ರಿಂದ 2800 ಕೆಲ್ವಿನ್. ಮಧ್ಯಾಹ್ನದ ಬಿಸಿಲು ಸುಮಾರು 5500 ಕೆಲ್ವಿನ್. ಕೆಲ್ವಿನ್ ಕಡಿಮೆಯಾದಷ್ಟು ಬೆಳಕಿನಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ನಾವು ಆ ಕೋಣೆಯಲ್ಲೇ ಇದ್ದರೆ ನಮ್ಮ ಕಣ್ಣು ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಹೊಂದಿಕೊಳ್ತದೆ, ಬಿಳಿ ಪಂಚೆ ಬಿಳಿಯಾಗಿಯೇ ಕಾಣ್ತದೆ. ಕ್ಯಾಮೆರಾಕ್ಕೆ ಆ ಕೆಲಸವನ್ನು ಲೆಕ್ಕದಿಂದ ಮಾಡಬೇಕಾಗ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳನ್ನು ಬೇರೆ ಬೇರೆ ಸಂಖ್ಯೆಯಿಂದ ಗುಣಿಸಿ ಬಿಳಿಯನ್ನು ಬಿಳಿ ಮಾಡುವುದು. ವೈಟ್ ಬ್ಯಾಲೆನ್ಸ್ ಅಂದರೆ ಇಷ್ಟೇ. ಆಟೋ ಮೋಡಿನಲ್ಲಿ ಫೋನ್ ಇದನ್ನು ಊಹೆಯಿಂದ ಮಾಡ್ತದೆ, ಹಲವು ಸಲ ಅರ್ಧಕ್ಕೇ ನಿಲ್ಲಿಸ್ತದೆ. ಅದರ ಮೇಲೆ ಹಳದಿ ಬಣ್ಣದ ಗೋಡೆ, ಕೆಂಪು ನೆಲ, ಮರದ ಮುಚ್ಚಿಗೆಯಿಂದ ತಿರುಗಿ ಬರುವ ಬೆಳಕೂ ಸೇರಿದರೆ ಊಹೆ ಇನ್ನೂ ತಪ್ಪುತ್ತದೆ.

ಬಿಳಿಯನ್ನು ನಂಬಬಹುದಾ?

ಸಾಮಾನ್ಯವಾಗಿ ಎಲ್ಲರೂ ಹೇಳುವ ಉಪಾಯ, ಫೋಟೋದಲ್ಲಿ ಬಿಳಿ ಇರುವ ಜಾಗದ ಮೇಲೆ ಐಡ್ರಾಪರ್ ಒತ್ತಿ ಎಂದು. ಸ್ನಾಪ್‌ಸೀಡ್‌ನ White Balance ಒಳಗೆ ಅದು ಉಂಟು. ಆದರೆ ನಮ್ಮ ಮನೆಗಳಲ್ಲಿ ನಿಜವಾದ ಬಿಳಿ ಯಾವುದು? ಸುಣ್ಣ ಬಳಿದ ಹಳೆಯ ಗೋಡೆ ಹೊಗೆ ಕುಡಿದು ಹಳದಿಯಾಗಿರ್ತದೆ. ಅದನ್ನು ಬಿಳಿ ಎಂದು ಒತ್ತಿದರೆ ಮುಖಗಳೆಲ್ಲ ನೀಲಿ ಕಡೆಗೆ ಹೋಗ್ತವೆ. ಅಜ್ಜನ ಪಂಚೆ ನೀಲಿ ಹಾಕಿ ಒಗೆದದ್ದು. ಅದನ್ನು ಒತ್ತಿದರೆ ಫೋಟೋದಲ್ಲಿ ಹಳದಿ ಉಳಿದುಬಿಡ್ತದೆ. ಮಲ್ಲಿಗೆ ಕೂಡ ಅಪ್ಪಟ ಬಿಳಿಯಲ್ಲ, ತುಸು ಕೆನೆಬಣ್ಣ. ಸ್ಟೀಲ್ ತಟ್ಟೆ ಕನ್ನಡಿಯ ಹಾಗೆ, ಸುತ್ತ ಇರುವ ಬಣ್ಣವನ್ನೇ ತೋರಿಸ್ತದೆ. ಬಲ್ಬಿನ ಹತ್ತಿರ ಪೂರ್ತಿ ಬೆಳ್ಳಗಾಗಿ 255 ಮುಟ್ಟಿದ ಜಾಗದಲ್ಲಿ ಬಣ್ಣದ ಮಾಹಿತಿಯೇ ಇಲ್ಲ.

ಆದರೆ ಕುಟುಂಬದ ಫೋಟೋದಲ್ಲಿ ಯಾವಾಗಲೂ ಇರುವ ಒಂದು ವಸ್ತು ಮುಖ. ಅದರ ನಿಜವಾದ ಬಣ್ಣ ನಮಗೆ ಗೊತ್ತಿದ್ದರೆ ಅದನ್ನೇ ಅಳತೆಗೋಲು ಮಾಡಬಹುದು.

ಯಾರ ಚರ್ಮ ಅಳತೆಗೋಲು?

ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟ್ ಹಾಕುವ ಲ್ಯಾಬ್‌ಗಳಿಗೆ ಒಂದು ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೋ. ಆ ಕಾರ್ಡಿಗೆ ಶರ್ಲಿ ಕಾರ್ಡ್ ಎಂದೇ ಹೆಸರು. ಅವಳ ಚರ್ಮ ಚೆನ್ನಾಗಿ ಬಂದರೆ ಯಂತ್ರ ಸರಿ ಉಂಟು ಎಂದು ಲೆಕ್ಕ. ಕಪ್ಪು, ಕಂದು ಚರ್ಮದವರ ಫೋಟೋಗಳು ಅದರಿಂದ ಹಾಳಾಗುತ್ತಿದ್ದವು. ಬೇರೆ ಬೇರೆ ಬಣ್ಣದ ಚರ್ಮದವರು ಇರುವ ಕಾರ್ಡ್ ಕೊಡಾಕ್‌ನಿಂದ ಬಂದದ್ದು 1990ರ ದಶಕದಲ್ಲಿ.

ಇಂಟರ್ನೆಟ್‌ನಲ್ಲಿ ಸಿಗುವ "ಸ್ಕಿನ್ ಟೋನ್ ಚಾರ್ಟ್" ನೋಡಿ ಅಜ್ಜಿಯ ಮುಖ ಸರಿಮಾಡಿದರೆ ನಾವೂ ಅದೇ ಕೆಲಸ ಮಾಡಿದ ಹಾಗೆ. ಹಳದಿ ಹೋಗ್ತದೆ, ಜೊತೆಗೆ ಅಜ್ಜಿಯೂ ಹೋಗಿ ಬೇರೆ ಯಾರೋ ಬಂದಿರ್ತಾರೆ. ಹಾಗಾಗಿ ನಮ್ಮ ನಿಯಮ ಒಂದೇ: ಅಜ್ಜಿಗೆ ಅಜ್ಜಿಯೇ ಅಳತೆಗೋಲು. ಅದೇ ವ್ಯಕ್ತಿಯ, ಹಗಲು ಬೆಳಕಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೋ ಬೇಕು. ಜಗಲಿಯ ಅಂಚಿನಲ್ಲಿ, ಆಕಾಶಕ್ಕೆ ಮುಖ ಮಾಡಿ, ನೇರ ಬಿಸಿಲು ಬೀಳದ ಜಾಗ ಒಳ್ಳೆಯದು. ಅಡಿಕೆ ತೋಟದೊಳಗೆ ತೆಗೆದರೆ ಎಲೆಗಳ ಹಸಿರು ಮುಖಕ್ಕೆ ಬರ್ತದೆ, ಕೆಂಪು ಮಣ್ಣಿನ ಅಂಗಳದಲ್ಲಿ ಬಿಸಿಲಿಗೆ ತೆಗೆದರೆ ಕೆಂಪು ಬರ್ತದೆ. ಫೋನಿನ ಬ್ಯೂಟಿ ಮೋಡ್ ಮೊದಲೇ ಆಫ್ ಮಾಡಿ, ಅದು ಚರ್ಮವನ್ನು ಸುಮ್ಮನೆ ಬಿಡುವುದಿಲ್ಲ.

ಬಂಟ್ವಾಳದ ಫೋಟೋ: ಲೆಕ್ಕ ಹೀಗೆ

ಹಂಚಿನ ಮನೆಯ ಚಾವಡಿ, ಒಂದೇ 60 ವಾಟಿನ ಬಲ್ಬು, ಮಧ್ಯದಲ್ಲಿ ಅಜ್ಜಿ. ಗಿಂಪ್‌ನಲ್ಲಿ ಎರಡೂ ಫೋಟೋ ತೆರೆದು, Color Picker ತೆಗೆದುಕೊಂಡು, Sample average ಆನ್ ಮಾಡಿ ಕೆನ್ನೆಯ ಮೇಲೆ ಒತ್ತಿದೆವು. ಒಂದೇ ಪಿಕ್ಸೆಲ್ ತೆಗೆದರೆ ನಾಯ್ಸ್‌ನಿಂದ ಸಂಖ್ಯೆ ಹಾರಾಡ್ತದೆ, ಅದಕ್ಕೆ ಸರಾಸರಿ. ಹಣೆ ಬೇಡ, ಅಲ್ಲಿ ಎಣ್ಣೆಯ ಹೊಳಪು ಬಲ್ಬಿನ ಬಣ್ಣವನ್ನು ತೋರಿಸ್ತದೆ, ಕುಂಕುಮವೂ ಇರ್ತದೆ. ಮೂಗಿನ ತುದಿ, ತುಟಿಯೂ ಬೇಡ, ಅಲ್ಲಿ ಕೆಂಪು ಜಾಸ್ತಿ.

ಹಗಲಿನ ಫೋಟೋದಲ್ಲಿ ಕೆನ್ನೆ: R 168, G 124, B 98.
ಬಲ್ಬಿನ ಫೋಟೋದಲ್ಲಿ ಕೆನ್ನೆ: R 190, G 128, B 58.

ಎರಡು ಫೋಟೋದ ಪ್ರಕಾಶ ಬೇರೆ ಬೇರೆ, ಆದ್ದರಿಂದ ನೇರ ಸಂಖ್ಯೆಗಳನ್ನು ಹೋಲಿಸಿದರೆ ಉಪಯೋಗ ಇಲ್ಲ. ಅನುಪಾತ ನೋಡಬೇಕು. ಪ್ರಕಾಶ ಹೆಚ್ಚು ಕಡಿಮೆ ಆದರೂ ಮೂರು ಚಾನೆಲ್‌ಗಳ ನಡುವಿನ ಅನುಪಾತ ಬಹುತೇಕ ಹಾಗೆಯೇ ಉಳಿಯುತ್ತದೆ.

ಹಗಲಿನಲ್ಲಿ G/R = 0.74, B/R = 0.58. ಬಲ್ಬಿನಲ್ಲಿ G/R = 0.67, B/R = 0.31. ಈಗ ಕೆಂಪನ್ನು ಮುಟ್ಟದೆ ಬಿಟ್ಟರೆ, ಹಸಿರನ್ನು ಸುಮಾರು 1.10ರಿಂದ, ನೀಲಿಯನ್ನು ಸುಮಾರು 1.91ರಿಂದ ಗುಣಿಸಿದರೆ ಆಯ್ತು. ಕೆನ್ನೆ 190, 141, 111 ಆಗ್ತದೆ.

ಇಲ್ಲಿಗೆ ನಿಲ್ಲಿಸುವ ಹಾಗಿಲ್ಲ. ಎರಡು ಚಾನೆಲ್ ಮೇಲೆ ಹೋದ ಕಾರಣ ಮುಖದ ಪ್ರಕಾಶವೂ ಮೇಲೆ ಹೋಗಿದೆ. 0.299R + 0.587G + 0.114B ಸೂತ್ರ ಹಾಕಿದರೆ ಮೊದಲು ಸುಮಾರು 139 ಇದ್ದದ್ದು ಈಗ 152. ಮನೆಯವರು "ಅಬ್ಬಾ, ಎಷ್ಟು ಬೆಳ್ಳಗೆ ಬಂದಿದೆ" ಅಂತಾರೆ. ಆದರೆ ನಮ್ಮ ಕೆಲಸ ಹಳದಿ ತೆಗೆಯುವುದು, ಬೆಳ್ಳಗೆ ಮಾಡುವುದಲ್ಲ. ಆದ್ದರಿಂದ ಕೊನೆಗೆ ಮೂರೂ ಚಾನೆಲನ್ನು 0.91ರಿಂದ ಗುಣಿಸಿ ಪ್ರಕಾಶವನ್ನು ಹಿಂದಿನ ಜಾಗಕ್ಕೆ ತಂದೆವು. ಕೆನ್ನೆ 173, 128, 101. ಅನುಪಾತ ಹಗಲಿನದ್ದು, ಪ್ರಕಾಶ ಚಾವಡಿಯದ್ದು.

```python
import numpy as np
from PIL import Image

a = np.asarray(Image.open("in.jpg").convert("RGB")).astype(float)
a = (a * [1.0, 1.10, 1.91]).clip(0, 255) * 0.91
Image.fromarray(a.astype("uint8")).save("out.jpg", quality=95)
```

ಮೊದಲೇ ಕೆಂಪನ್ನು ಇಳಿಸಿದರೆ ಆಗುವುದಿಲ್ವಾ ಎಂದು ಕೇಳಬಹುದು. ಆಗ ಪೂರ್ತಿ 255 ಆಗಿರುವ ಬಲ್ಬಿನಲ್ಲಿ ಕೆಂಪು ಮಾತ್ರ ಇಳಿದು ಬಲ್ಬು ತಿಳಿನೀಲಿ ಆಗ್ತದೆ. ಅದಕ್ಕೇ ಎಲ್ಲಾ ಗುಣಕಗಳನ್ನು 1 ಅಥವಾ ಅದಕ್ಕಿಂತ ಜಾಸ್ತಿ ಇಟ್ಟು, 255ಕ್ಕೆ ಕತ್ತರಿಸಿ, ಆಮೇಲೆ ಮೂರನ್ನೂ ಒಟ್ಟಿಗೆ ಇಳಿಸಿದ್ದು.

ಕೋಡ್ ಬೇಡದವರು ಸ್ನಾಪ್‌ಸೀಡ್‌ನಲ್ಲಿ Temperature ಅನ್ನು ನೀಲಿ ಕಡೆಗೆ ಎಳೆದು, ಪಕ್ಕದಲ್ಲಿ ಹಗಲಿನ ಫೋಟೋ ಇಟ್ಟುಕೊಂಡು ನೋಡಿ. ಹಳದಿ ಹೋದ ಮೇಲೆ ಮುಖ ಗುಲಾಬಿ ಅಥವಾ ಹಸಿರು ಕಂಡರೆ Tint ಸ್ವಲ್ಪ ಸರಿಸಿ. ಎರಡೂ ಒಂದೇ ಸ್ಕ್ರೀನಿನಲ್ಲಿ ಇರಲಿ. ಹಳದಿ ಫೋಟೋವನ್ನೇ ಐದು ನಿಮಿಷ ನೋಡುತ್ತಾ ಕುಳಿತರೆ ಕಣ್ಣು ಅದಕ್ಕೇ ಹೊಂದಿಕೊಂಡುಬಿಡ್ತದೆ.

ಸರಿಯಾಯ್ತಾ ಎಂದು ತಿಳಿಯಲು ಮುಖ ಬಿಟ್ಟು ಬೇರೆ ಕಡೆ ನೋಡಬೇಕು. ಅಜ್ಜಿಯ ಬೆಳ್ಳಿಕೂದಲು ಬೂದು ಬಣ್ಣಕ್ಕೆ ಬಂದಿರಬೇಕು. ಕಪ್ಪು ಕೂದಲಿಗೆ ನೀಲಿ ಛಾಯೆ ಬಂದಿದ್ದರೆ ಜಾಸ್ತಿ ಆಯ್ತು ಎಂದರ್ಥ. ಕರಿಮಣಿ ಸರದ ಚಿನ್ನ ಇನ್ನೂ ಚಿನ್ನವಾಗಿಯೇ ಕಾಣಬೇಕು, ಬೆಳ್ಳಿಯ ಹಾಗೆ ಅಲ್ಲ.

ಬೆಳ್ತಂಗಡಿಯದ್ದು ಯಾಕೆ ಒಂದೇ ಸಲಕ್ಕೆ ಸರಿಯಾಗಲಿಲ್ಲ?

ಬೆಳ್ತಂಗಡಿ ಕಡೆಯ ಮನೆಯ ಫೋಟೋದಲ್ಲಿ ದೊಡ್ಡಮ್ಮನ ಎಡಗಡೆ ಕಿಟಕಿ, ಬಲಗಡೆ ಬಲ್ಬು, ಹೊರಗೆ ಮಳೆಗಾಲದ ಮೋಡದ ಬೆಳಕು. ಎಡಕೆನ್ನೆಯಲ್ಲಿ B/R ಹಗಲಿನ ಸಂಖ್ಯೆಗೆ ಹತ್ತಿರವೇ ಇತ್ತು, ಬಲಕೆನ್ನೆಯಲ್ಲಿ ಅದರ ಅರ್ಧದಷ್ಟು. ಇಡೀ ಫೋಟೋಕ್ಕೆ ಒಂದೇ ಗುಣಕ ಹಾಕಿದರೆ ಒಂದು ಕೆನ್ನೆ ಸರಿಯಾಗುವಾಗ ಇನ್ನೊಂದು ನೀಲಿಯಾಗ್ತದೆ. ಯಾವ ಫೋಟೋವಾದರೂ ಎರಡೂ ಕೆನ್ನೆ ಅಳೆದು ನೋಡಿ. ಅನುಪಾತದಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಎರಡು ಬೆಳಕು ಸೇರಿದೆ ಎಂದೇ ಅರ್ಥ.

ಇದಕ್ಕೆ ಗಿಂಪ್‌ನಲ್ಲಿ ಎರಡು ಲೇಯರ್ ಬೇಕು. ಕೆಳಗಿನದ್ದು ಇದ್ದ ಹಾಗೆ, ಮೇಲಿನದ್ದು ಬಲ್ಬಿಗೆ ಸರಿಮಾಡಿದ್ದು. ಮೇಲಿನ ಲೇಯರಿಗೆ ಮಾಸ್ಕ್ ಹಾಕಿ, ಕಿಟಕಿಯಿಂದ ಬಲ್ಬಿನ ಕಡೆಗೆ ಕಪ್ಪಿನಿಂದ ಬಿಳಿಗೆ ಗ್ರೇಡಿಯೆಂಟ್ ಎಳೆಯಬೇಕು. ಎರಡು ಬೆಳಕು ಸೇರುವ ಗೆರೆ ಹೆಚ್ಚಾಗಿ ಮೂಗಿನ ಮೇಲೆಯೇ ಬರ್ತದೆ, ಗ್ರೇಡಿಯೆಂಟ್ ಅಲ್ಲಿಯೇ ಬದಲಾಗಬೇಕು.

ಮೂಡುಬಿದಿರೆಯ ಮದರಂಗಿ

ಮೂರನೆಯದ್ದು ಮದುವೆಯ ಹಿಂದಿನ ರಾತ್ರಿಯ ಮದರಂಗಿಯ ಫೋಟೋ. ಫಾಲ್ಸ್ ಸೀಲಿಂಗಿನ ತುಂಬಾ ವಾರ್ಮ್ ಎಲ್‌ಇಡಿ, ಮದುಮಗಳ ಮುಖಕ್ಕೆ ಅರಸಿನ. ಇಲ್ಲಿ ಅವಳ ಕೆನ್ನೆಯನ್ನು ಅಳತೆಗೋಲು ಮಾಡುವ ಹಾಗೇ ಇಲ್ಲ, ಯಾಕೆಂದರೆ ಆ ಹಳದಿ ನಿಜವಾದದ್ದು. ಅದನ್ನು ತೆಗೆದರೆ ಶಾಸ್ತ್ರವನ್ನೇ ಅಳಿಸಿದ ಹಾಗೆ. ಪಕ್ಕದಲ್ಲಿ ಅದೇ ಬೆಳಕಿನಲ್ಲಿ ಅರಸಿನ ಇಲ್ಲದೆ ಕುಳಿತ ತಂಗಿಯ ಕೆನ್ನೆ ಅಳೆದು, ತಂಗಿಯ ಹಗಲಿನ ಫೋಟೋಕ್ಕೆ ಹೋಲಿಸಿ ಬಂದ ಗುಣಕವನ್ನೇ ಇಡೀ ಫೋಟೋಕ್ಕೆ ಹಾಕಿದೆವು. ಬೆಳಕಿನ ಹಳದಿ ಹೋಯ್ತು, ಅರಸಿನದ ಹಳದಿ ಉಳಿಯಿತು. ಪೌಡರ್, ಮೇಕಪ್ ಹಾಕಿದ ಮುಖಕ್ಕೂ ಇದೇ ದಾರಿ.

ಎಲ್ಲಿ ಕೈಚೆಲ್ಲಬೇಕು?

ನೀಲಿ ಚಾನೆಲ್ 0 ಆಗಿರುವ ಜಾಗವನ್ನು ಎಷ್ಟರಿಂದ ಗುಣಿಸಿದರೂ 0. ಮುಖದ ನೆರಳಿನ ಭಾಗದಲ್ಲಿ ಹೀಗಾಗಿದ್ದರೆ ಅಲ್ಲಿ ಹಳದಿ ಕಲೆ ಉಳಿದೇ ಉಳಿಯುತ್ತದೆ. ನೀಲಿಯನ್ನು ಸುಮಾರು ಎರಡು ಪಟ್ಟು ಮಾಡುವಾಗ ಅದರ ನಾಯ್ಸ್ ಕೂಡ ಎರಡು ಪಟ್ಟಾಗಿ ಕತ್ತಲೆ ಜಾಗದಲ್ಲಿ ಚುಕ್ಕಿಗಳು ಕಾಣ್ತವೆ. ವಾಟ್ಸಾಪ್‌ನಿಂದ ಇಳಿಸಿದ ಫೋಟೋದಲ್ಲಿ ಇದು ಇನ್ನೂ ಜಾಸ್ತಿ. ಆದಷ್ಟು ಫೋಟೋ ತೆಗೆದ ಫೋನಿನಿಂದಲೇ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕಡಿಮೆ ಬೆಲೆಯ ಕೆಲವು ಎಲ್‌ಇಡಿಗಳ ಬೆಳಕಿನಲ್ಲಿ ಗಾಢ ಕೆಂಪಿನ ಭಾಗವೇ ಕಡಿಮೆ ಇರ್ತದೆ. ಅಲ್ಲಿ ಅನುಪಾತ ಸರಿ ಬಂದರೂ ಮುಖ ಸ್ವಲ್ಪ ಸಪ್ಪೆಯಾಗಿಯೇ ಕಾಣ್ತದೆ.

ಮುಂದಿನ ಸಲ ಮನೆಯಲ್ಲಿ ಫೋಟೋ ತೆಗೆಯುವಾಗ ಬಲ್ಬಿನ ಬೆಳಕಾದರೆ ಫೋನಿನ ಪ್ರೊ ಮೋಡಿನಲ್ಲಿ WB ಅನ್ನು 2800K ಹತ್ತಿರ ಇಡಿ, ಕಿಟಕಿ ಮುಚ್ಚಿ ಅಥವಾ ಬಲ್ಬು ಆರಿಸಿ, ಎರಡರಲ್ಲಿ ಒಂದೇ ಬೆಳಕು ಇರಲಿ. ಅಜ್ಜಿ ಜಗಲಿಯಲ್ಲಿ ಕುಳಿತಿರುವಾಗ ಹಗಲಿನ ಒಂದು ಫೋಟೋ ತೆಗೆದು ಇಟ್ಟುಕೊಳ್ಳಿ. ಮುಂದೆ ಚಾವಡಿಯಲ್ಲಿ ತೆಗೆಯುವ ಎಲ್ಲಾ ಫೋಟೋಗಳಿಗೂ ಅದೇ ಅಳತೆಗೋಲು.