ಒಳಗೆ ಹಾಕುವ ಮೊದಲು

2014ರ ಫೆಬ್ರುವರಿ 9ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಫುಲ್ಹ್ಯಾಮ್ ವಿರುದ್ಧ ಎಂಬತ್ತಕ್ಕೂ ಹೆಚ್ಚು ಕ್ರಾಸ್ ಹಾಕಿತು. ತೊಂಬತ್ತು ಚಿಲ್ಲರೆ ನಿಮಿಷಗಳ ಆಟವೆಂದರೆ ಹೆಚ್ಚುಕಡಿಮೆ ನಿಮಿಷಕ್ಕೊಂದು. ಎದುರಾಳಿ ಲೀಗ್‌ನ ಕೊನೆಯ ಸ್ಥಾನದಲ್ಲಿದ್ದ ತಂಡ. ಆದರೂ ಪಂದ್ಯ 2-2ರಲ್ಲಿ ಮುಗಿಯಿತು. ಫುಲ್ಹ್ಯಾಮ್‌ನ ಡಿಫೆಂಡರ್ ಡ್ಯಾನ್ ಬರ್ನ್ ಎರಡು ಮೀಟರ್ ಎತ್ತರದ ಆಳು. ಕೆಳಗಿನ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ಕಾಲದ ನಂತರ ಇಷ್ಟೊಂದು ಚೆಂಡನ್ನು ತಲೆಯಿಂದ ಹೊಡೆದದ್ದೇ ಇಲ್ಲ ಎಂದು ಪಂದ್ಯದ ಬಳಿಕ ಅವರು ಹೇಳಿದ್ದರು. ಆ ಮಾತಿನಲ್ಲಿ ದಣಿವಿಗಿಂತ ನಿರಾಳವೇ ಹೆಚ್ಚಿತ್ತು ಎಂದು ನನಗೆ ಅನಿಸುತ್ತದೆ.

ಅವತ್ತು ಯುನೈಟೆಡ್‌ನ ಆಟಗಾರರಿಗೆ ಕ್ರಾಸ್ ಹಾಕಲು ಬರುತ್ತಿರಲಿಲ್ಲ ಎಂದೇನಲ್ಲ. ಎಲ್ಲಿಂದ ಹಾಕುತ್ತಿದ್ದೇವೆ, ಒಳಗೆ ಯಾರಿದ್ದಾರೆ ಎಂಬ ಎರಡು ಪ್ರಶ್ನೆಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಅವರು ಆಡಿದರು. ಮೈದಾನದ ಅಂಚಿನಲ್ಲಿ, ಗೋಲಿನಿಂದ ದೂರದಲ್ಲಿ ನಿಂತು ಎತ್ತರದ ಚೆಂಡನ್ನು ಬಾಕ್ಸಿಗೆ ತೇಲಿಬಿಟ್ಟರೆ ಡಿಫೆಂಡರ್‌ಗೆ ಅದಕ್ಕಿಂತ ಸುಲಭದ ಕೆಲಸ ಬೇರೆ ಇಲ್ಲ. ಅವನ ಮುಖ ಚೆಂಡಿನ ಕಡೆಗಿದೆ. ತಾನು ಕಾಯಬೇಕಾದ ಸ್ಟ್ರೈಕರ್ ಕೂಡ ಅದೇ ನೋಟದೊಳಗಿದ್ದಾನೆ. ಚೆಂಡು ಬರುತ್ತಿರುವುದು ಅವನತ್ತಲೇ. ಎರಡು ಹೆಜ್ಜೆ ಮುಂದೆ ಬಂದು ಹಾರಿ, ಬಂದ ದಿಕ್ಕಿಗೇ ತಲೆಯಿಂದ ತಳ್ಳಿದರೆ ಮುಗಿಯಿತು.

ಇದನ್ನೇ ಬೈಲೈನ್‌ನಿಂದ ನೋಡೋಣ. ಬೈಲೈನ್ ಎಂದರೆ ಗೋಲಿನ ಕಂಬಗಳ ಎರಡೂ ಪಕ್ಕಕ್ಕೆ ಮೂಲೆಯ ಬಾವುಟದವರೆಗೆ ಸಾಗುವ ಗೆರೆ. ವಿಂಗರ್ ಆ ಗೆರೆಯ ತನಕ ಓಡಿಬಂದನೆಂದರೆ ಡಿಫೆಂಡರ್‌ಗಳೆಲ್ಲ ತಮ್ಮದೇ ಗೋಲಿನತ್ತ ಮುಖಮಾಡಿ ಓಡುತ್ತಿರುತ್ತಾರೆ. ಈಗ ಅವರ ಕಣ್ಣಿಗೆ ಎರಡು ಕೆಲಸ, ಎರಡೂ ಬೇರೆ ಬೇರೆ ದಿಕ್ಕಿನಲ್ಲಿ. ಚೆಂಡು ಪಕ್ಕದಲ್ಲಿದೆ, ಸ್ಟ್ರೈಕರ್ ಬೆನ್ನ ಹಿಂದಿದ್ದಾನೆ. ಗೋಲ್‌ಕೀಪರ್ ಹತ್ತಿರದ ಕಂಬ ಬಿಟ್ಟು ಕದಲುವಂತಿಲ್ಲ, ಕದಲಿದರೆ ವಿಂಗರ್ ನೇರವಾಗಿ ಗೋಲಿಗೇ ಹೊಡೆಯಬಹುದು. ಇದರ ಮೇಲೆ ಆಫ್‌ಸೈಡ್ ನಿಯಮವೂ ದಾಳಿಕಾರರ ಕೈಹಿಡಿಯುತ್ತದೆ. ಚೆಂಡಿಗೆ ಸಮನಾಗಿ ಅಥವಾ ಚೆಂಡಿಗಿಂತ ಹಿಂದೆ ಇರುವವನು ಆಫ್‌ಸೈಡ್ ಆಗುವುದಿಲ್ಲ. ಗೆರೆಯ ಮೇಲಿಂದ ಹಿಂದಕ್ಕೆ ಕೊಟ್ಟ ಚೆಂಡಿಗೆ ಬಾಕ್ಸಿನೊಳಗಿನ ಯಾರು ಓಡಿಬಂದರೂ ಲೈನ್ಸ್‌ಮನ್ ಬಾವುಟ ಎತ್ತುವಂತಿಲ್ಲ.

ಸಮಯದ ಲೆಕ್ಕವನ್ನೂ ಹಾಕಿ ನೋಡಬಹುದು. ಬೈಲೈನ್‌ನಿಂದ ಪೆನಾಲ್ಟಿ ಚುಕ್ಕೆಯ ಆಸುಪಾಸಿಗೆ ಕೊಡುವ ಪಾಸ್ 12 ಮೀಟರ್ ಎಂದುಕೊಳ್ಳಿ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ನೆಲದ ಮೇಲೆ ಹೋದರೆ ಒಂದು ಸೆಕೆಂಡ್ ಕೂಡ ಹಿಡಿಯುವುದಿಲ್ಲ. ಗೋಲಿನತ್ತ ಓಡುತ್ತಿರುವ ಡಿಫೆಂಡರ್ ನಿಂತು, ತಿರುಗಿ, ಮತ್ತೆ ಓಡಲು ಅಷ್ಟು ಹೊತ್ತು ಸಾಲದು. 35 ಮೀಟರ್ ದೂರದಿಂದ ತೇಲಿಬರುವ ಚೆಂಡಿಗಾದರೋ ಎರಡು ಸೆಕೆಂಡ್ ಬೇಕು. ಅಷ್ಟರಲ್ಲಿ ಇಡೀ ರಕ್ಷಣಾ ಸಾಲು ತನ್ನ ಜಾಗ ಸರಿಪಡಿಸಿಕೊಂಡಿರುತ್ತದೆ.

ಹಾಗಾದರೆ ಯಾವಾಗಲೂ ಬೈಲೈನ್‌ಗೇ ಓಡಬೇಕೇ? ಹಾಗೇನಿಲ್ಲ. ಅಲ್ಲಿಗೆ ತಲುಪುವುದೇ ಕಷ್ಟ, ತಲುಪಿದ ಮೇಲೂ ತಪ್ಪಲು ಬೇಕಾದಷ್ಟು ದಾರಿಗಳಿವೆ. ಬಹುಪಾಲು ಕ್ರಾಸ್‌ಗಳು ಕೆಡುವುದು ಒದೆಯುವಾಗಲ್ಲ, ಅದಕ್ಕೆ ಮುಂಚಿನ ಒಂದು ಸ್ಪರ್ಶದಲ್ಲಿ. ಪೂರ್ತಿ ವೇಗದಲ್ಲಿ ಓಡುವ ವಿಂಗರ್ ಚೆಂಡನ್ನು ನೇರ ಗೆರೆಯತ್ತ ತಳ್ಳಿದರೆ ಅದು ಕಾಲಡಿಗೆ ಸಿಕ್ಕಿಕೊಳ್ಳುತ್ತದೆ ಇಲ್ಲವೇ ಗೆರೆ ದಾಟುತ್ತದೆ. ಕಾಲನ್ನು ಚೆಂಡಿನ ಸುತ್ತ ತಿರುಗಿಸಲು ಜಾಗ ಉಳಿಯುವುದಿಲ್ಲ. ಬಲ್ಲವರು ಆ ಕೊನೆಯ ಸ್ಪರ್ಶವನ್ನು ತುಸು ಒಳಮುಖವಾಗಿ ಕೊಟ್ಟುಕೊಳ್ಳುತ್ತಾರೆ, ಚೆಂಡು ಮುಂದಕ್ಕೆ ಉರುಳುವಾಗಲೇ ಒಮ್ಮೆ ತಲೆಯೆತ್ತಿ ಬಾಕ್ಸ್ ನೋಡುತ್ತಾರೆ. ಆಮೇಲೆ ಕಣ್ಣು ಚೆಂಡಿನ ಮೇಲೆಯೇ. ಊರಿದ ಕಾಲಿನ ಬೆರಳುಗಳು ಪಾಸ್ ಹೋಗಬೇಕಾದ ದಿಕ್ಕಿಗೆ ತಿರುಗಿರಬೇಕು, ಸೊಂಟವೂ ಜೊತೆಗೆ ತಿರುಗಬೇಕು. ಸೊಂಟ ತಿರುಗದಿದ್ದರೆ ಚೆಂಡು ಹಿಂದಕ್ಕೆ ಬರುವ ಬದಲು ಗೋಲ್‌ಕೀಪರನ ಮಡಿಲಿಗೇ ಹೋಗುತ್ತದೆ. ಕಣಕಾಲು ಬಿಗಿಹಿಡಿದು ಪಾದದ ಒಳಬದಿಯಿಂದ ಚೆಂಡಿನ ನಡುಭಾಗಕ್ಕೆ ತಾಗಿಸಿದರೆ ಸಾಕು, ಬಲ ಹಾಕಬೇಕಿಲ್ಲ. ಬಲ ಹಾಕಹೋದವರ ಚೆಂಡೇ ಹತ್ತಿರದ ಕಂಬದ ಬಳಿ ನಿಂತ ಮೊದಲ ಡಿಫೆಂಡರ್‌ನ ಮೊಣಕಾಲಿಗೆ ಬಡಿಯುವುದು. ಗ್ಯಾಲರಿಯಲ್ಲಿ ಕೂತವರು ಅತಿ ಹೆಚ್ಚು ಬೈಯುವ ಕ್ರಾಸ್ ಅದು. ಬೈಗುಳ ನ್ಯಾಯವಾದದ್ದೇ.

ಬೈಲೈನ್‌ನಲ್ಲಿ ಮುಖ್ಯವಾಗಿ ಎರಡು ಆಯ್ಕೆಗಳಿವೆ. ಒಂದು, ಗೋಲ್‌ಕೀಪರ್‌ಗೂ ಡಿಫೆಂಡರ್‌ಗಳಿಗೂ ನಡುವೆ ಗೋಲಿನ ಮುಂದಿನಿಂದಲೇ ದೂರದ ಕಂಬದತ್ತ ಚೆಂಡನ್ನು ನೆಲದ ಮೇಲೆ ಹಾಯಿಸುವುದು. ಇನ್ನೊಂದು, ಕಟ್‌ಬ್ಯಾಕ್, ಅಂದರೆ ಪೆನಾಲ್ಟಿ ಚುಕ್ಕೆಯತ್ತ ಹಿಂದಕ್ಕೆ ಎಳೆದುಕೊಡುವುದು. ಯಾವುದನ್ನು ಆರಿಸಬೇಕೆಂದು ಹೇಳುವವನು ಸ್ಟ್ರೈಕರ್ ಅಲ್ಲ, ಡಿಫೆಂಡರ್. ಅವರೆಲ್ಲ ಗಾಬರಿಯಿಂದ ಗೋಲಿನ ಮುಂದಿನ 5.5 ಮೀಟರ್ ಪಟ್ಟಿಯೊಳಕ್ಕೆ ಓಡಿದ್ದರೆ ಅವರ ಬೆನ್ನ ಹಿಂದೆ ಬಯಲೇ ಬಿದ್ದಿರುತ್ತದೆ. ಅಲ್ಲಿಗೆ ತಡವಾಗಿ ಓಡಿಬರುವ ಮಿಡ್‌ಫೀಲ್ಡರ್‌ಗೆ ಕಟ್‌ಬ್ಯಾಕ್. ಅವರು ಪೆನಾಲ್ಟಿ ಚುಕ್ಕೆಯ ಬಳಿಯೇ ನಿಂತುಬಿಟ್ಟರೆ ಗೋಲಿನ ಮುಂದಿನ ಓಣಿ ತೆರೆದಿದೆ ಎಂದರ್ಥ. 2017-18ರಲ್ಲಿ 100 ಅಂಕ, 106 ಗೋಲುಗಳೊಂದಿಗೆ ಪ್ರೀಮಿಯರ್ ಲೀಗ್ ಗೆದ್ದ ಮ್ಯಾಂಚೆಸ್ಟರ್ ಸಿಟಿ ಈ ಓಣಿಯನ್ನು ತನ್ನ ಮನೆಯ ಪಡಸಾಲೆಯಂತೆ ಬಳಸಿತು. ಎಡ ಅಂಚಿನಲ್ಲಿ ಎಡಗಾಲಿನ ಲೆರಾಯ್ ಸಾನೆ ಗೆರೆಯತ್ತ ನುಗ್ಗುವುದು, ಚೆಂಡನ್ನು ಅಡ್ಡಕ್ಕೆ ಬಿಡುವುದು, ಬಲದಿಂದ ಬಂದ ರಹೀಮ್ ಸ್ಟರ್ಲಿಂಗ್ ದೂರದ ಕಂಬದ ಬಳಿ ಕಾಲು ಚಾಚುವುದು. ಆ ಗೋಲುಗಳನ್ನು ನೋಡಿದವರು ಇದರಲ್ಲೇನು ಮಹಾ, ನಾನೂ ಹೊಡೆಯುತ್ತಿದ್ದೆ ಅನ್ನುತ್ತಿದ್ದರು. ಯಾರು ಬೇಕಾದರೂ ಹೊಡೆಯುವಂತಹ ಜಾಗಕ್ಕೆ ಚೆಂಡು ತಲುಪಿಸುವುದೇ ಅಲ್ಲಿನ ಲೆಕ್ಕಾಚಾರವಾಗಿತ್ತು.

ಇನ್ನು ದೂರದಿಂದ ಹಾಕುವ ಕ್ರಾಸ್. ಅದು ದಡ್ಡ ಆಟ ಎಂದು ಫುಲ್ಹ್ಯಾಮ್ ಪಂದ್ಯ ನೋಡಿ ತೀರ್ಮಾನಿಸಿದರೆ ಅದೇ ವರ್ಷದ ಜೂನ್ 13ರ ಪಂದ್ಯ ಅದನ್ನು ಸುಳ್ಳು ಮಾಡುತ್ತದೆ. ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ವಿಶ್ವಕಪ್ ಪಂದ್ಯ. ಹಾಲಿ ಚಾಂಪಿಯನ್ ಸ್ಪೇನ್ 1-0 ಮುಂದಿದೆ, ಮೊದಲಾರ್ಧ ಮುಗಿಯಲು ಒಂದು ನಿಮಿಷ. ನೆದರ್ಲೆಂಡ್ಸ್‌ನ ಡಾಲಿ ಬ್ಲೈಂಡ್‌ಗೆ ಎಡ ಅಂಚಿನಲ್ಲಿ, ಮಧ್ಯಗೆರೆಯಿಂದ ಹೆಚ್ಚು ದೂರವಿಲ್ಲದ ಕಡೆ ಚೆಂಡು ಸಿಗುತ್ತದೆ. ಅವರ ಮೇಲೆ ಯಾರ ಒತ್ತಡವೂ ಇಲ್ಲ. ಸ್ಪೇನಿನ ರಕ್ಷಣಾ ಸಾಲು ಗೋಲಿನಿಂದ ಬಹಳ ಮುಂದೆ ಬಂದು ನಿಂತಿದೆ. ಸಾಲಿಗೂ ಗೋಲ್‌ಕೀಪರ್ ಕಸಿಯಸ್‌ಗೂ ನಡುವೆ ದೊಡ್ಡ ಖಾಲಿ ಜಾಗ. ಬ್ಲೈಂಡ್ ತಲೆಯೆತ್ತಿ ನೋಡಿದ ಹೊತ್ತಿಗೇ ರಾಬಿನ್ ವಾನ್ ಪರ್ಸಿ ಡಿಫೆಂಡರ್‌ಗಳ ನಡುವಿನಿಂದ ಓಟ ಕಿತ್ತರು. ಬ್ಲೈಂಡ್ ಚೆಂಡನ್ನು ಬಾಕ್ಸಿನೊಳಗಿನ ಮನುಷ್ಯನಿಗೆ ಕೊಡಲಿಲ್ಲ, ಆ ಖಾಲಿ ಜಾಗಕ್ಕೆ ಕೊಟ್ಟರು. ಎಡಗಾಲಿನಿಂದ ಎತ್ತಿದ ಚೆಂಡು ಸಾಲಿನ ತಲೆ ಮೇಲಿಂದ ಹಾದು ಬಾಕ್ಸಿನೊಳಗೆ ಇಳಿಯುವಾಗ ವಾನ್ ಪರ್ಸಿ ಗಾಳಿಗೆ ಬಿದ್ದಂತೆ ಮುಂದಕ್ಕೆ ಜಿಗಿದು ಹಣೆಯಿಂದ ತಳ್ಳಿದರು. ಮುಂದೆ ಬಂದಿದ್ದ ಕಸಿಯಸ್ ಮೇಲಿಂದ ಅದು ಬಿಲ್ಲಿನಂತೆ ಬಾಗಿ ಬಲೆಗೆ ಬಿತ್ತು. ಪಂದ್ಯ 5-1ಕ್ಕೆ ಮುಗಿಯಿತು.

ಓಲ್ಡ್ ಟ್ರಾಫರ್ಡ್‌ಗೂ ಸಾಲ್ವಡಾರ್‌ಗೂ ಇರುವ ವ್ಯತ್ಯಾಸ ಇಷ್ಟೇ: ಫುಲ್ಹ್ಯಾಮ್ ತಂಡದವರು ಬಾಕ್ಸಿನೊಳಗೇ ಠಾಣೆ ಹೂಡಿದ್ದರು, ಸ್ಪೇನಿನವರು ಹೊರಗಿದ್ದರು. ದೂರದ ಕ್ರಾಸ್‌ಗೆ ಬೇಕಾದದ್ದು ರಕ್ಷಣೆಯ ಹಿಂದೆ ಇನ್ನೂ ಮುಚ್ಚದ ಜಾಗ. ಅದಿದ್ದಾಗ ಗೆರೆಯವರೆಗೆ ಓಡುತ್ತಾ ಕೂತರೆ ಆ ಜಾಗ ಮುಚ್ಚಿಹೋಗುತ್ತದೆ. ಹಾಗಾಗಿ ಅದನ್ನು ಬೇಗ, ಡಿಫೆಂಡರ್‌ಗಳು ಹಿಂದಕ್ಕೆ ಓಡುತ್ತಿರುವಾಗಲೇ ಹಾಕಬೇಕು. ಆದರೆ ಇಲ್ಲಿ ಆಫ್‌ಸೈಡ್ ರಕ್ಷಣೆ ಇಲ್ಲ. ಒದ್ದ ಕ್ಷಣಕ್ಕೂ ಓಟ ಶುರುವಾದ ಕ್ಷಣಕ್ಕೂ ತಾಳ ತಪ್ಪಿದರೆ ಬಾವುಟ ಮೇಲೇಳುತ್ತದೆ.

ಒದೆಯುವ ರೀತಿಯೂ ಬೇರೆ. ಚೆಂಡನ್ನು ಮೈಯಿಂದ ಸ್ವಲ್ಪ ದೂರಕ್ಕೆ, ಓರೆಯಾಗಿ ಮುಂದಿಟ್ಟುಕೊಂಡು ಹೆಬ್ಬೆರಳಿನ ಬುಡದ ಎಲುಬಿನಿಂದ ಕೆಳಭಾಗಕ್ಕೆ ಸವರಿದಂತೆ ಹೊಡೆದರೆ ಅದು ಏರುತ್ತಲೂ ತಿರುಗುತ್ತಲೂ ಹೋಗುತ್ತದೆ. ಬಲ ಅಂಚಿನಿಂದ ಬಲಗಾಲಿನವನು ಹೀಗೆ ಹೊಡೆದರೆ ಚೆಂಡು ಗೋಲ್‌ಕೀಪರ್‌ನಿಂದ ದೂರಕ್ಕೆ, ಓಡಿಬರುತ್ತಿರುವ ಸ್ಟ್ರೈಕರ್‌ನತ್ತ ಬಾಗುತ್ತದೆ. ಡೇವಿಡ್ ಬೆಕ್‌ಹ್ಯಾಮ್ ಹೆಸರು ಮಾಡಿದ್ದು ಇದರಿಂದಲೇ. ಡಿಫೆಂಡರ್‌ನನ್ನು ದಾಟಿ ಓಡುವ ಗೋಜಿಗೆ ಅವರು ಹೋಗುತ್ತಿದ್ದದ್ದೇ ಕಡಿಮೆ, ಕಾಲು ಬೀಸಲು ಅರ್ಧ ಮೀಟರ್ ಜಾಗ ಸಿಕ್ಕರೆ ಸಾಕಿತ್ತು. ಅದೇ ಅಂಚಿನಿಂದ ಎಡಗಾಲಿನವನು ಹೊಡೆದರೆ ಚೆಂಡು ಗೋಲಿನತ್ತಲೇ ಬಾಗುತ್ತದೆ. ಆಗ ಯಾರೊಬ್ಬರೂ ಮುಟ್ಟದಿದ್ದರೂ ಅದು ದೂರದ ಕಂಬದೊಳಗೆ ಹೊಕ್ಕೀತು ಎಂಬ ಭಯದಿಂದ ಗೋಲ್‌ಕೀಪರ್ ಗೆರೆಯಲ್ಲೇ ಉಳಿಯುತ್ತಾನೆ. ಎರಡರಲ್ಲೂ ಸಾಮಾನ್ಯ ತಪ್ಪು ಒಂದೇ, ಚೆಂಡನ್ನು 5.5 ಮೀಟರ್ ಪಟ್ಟಿಯೊಳಗೆ ಮೆತ್ತಗೆ ಇಳಿಸುವುದು. ಅಲ್ಲಿ ಕೈ ಬಳಸುವವನಿಗೇ ಮೊದಲ ಹಕ್ಕು.

ಒಳಗಿರುವವನು ಯಾರು ಎಂಬುದು ಎತ್ತರವನ್ನು ನಿರ್ಧರಿಸುತ್ತದೆ. ಕ್ರಿಸ್ಟಿಯಾನೊ ರೊನಾಲ್ಡೊ 2019ರ ಡಿಸೆಂಬರ್‌ನಲ್ಲಿ ಸ್ಯಾಂಪ್‌ಡೋರಿಯಾ ವಿರುದ್ಧ ಜುವೆಂಟಸ್ ಪರ ಹೊಡೆದ ಹೆಡರ್ ನೆನಪಿಸಿಕೊಳ್ಳಿ. ಎಡದಿಂದ ಅಲೆಕ್ಸ್ ಸ್ಯಾಂಡ್ರೊ ತೇಲಿಬಿಟ್ಟ ಚೆಂಡಿಗೆ ಅವರು ಡಿಫೆಂಡರ್‌ಗಿಂತ ಒಂದು ತಲೆ ಮೇಲಕ್ಕೆ ಹಾರಿ ಗಾಳಿಯಲ್ಲೇ ನಿಂತಂತಿದ್ದರು. ಅಂಥವರಿಗೆ ತೇಲುವ ಚೆಂಡು ವರ, ಏಕೆಂದರೆ ಹಾರಲು ಸಮಯ ಸಿಗುತ್ತದೆ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿಗೆ ಆ ಚೆಂಡು ಕೊಟ್ಟು ಪ್ರಯೋಜನವಿಲ್ಲ. ಅವರ ಎತ್ತರ ಸುಮಾರು 170 ಸೆಂಟಿಮೀಟರ್. ಅವರಿಗೆ ಬೇಕಾದದ್ದು ಎದೆಮಟ್ಟಕ್ಕಿಂತ ಕೆಳಗೆ, ರಭಸವಾಗಿ, ಡಿಫೆಂಡರ್‌ಗಿಂತ ಒಂದು ಹೆಜ್ಜೆ ಮುಂದೆ ಬೀಳುವ ಚೆಂಡು.

2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಐಎಸ್‌ಎಲ್ ಫೈನಲ್‌ನ 9ನೇ ನಿಮಿಷದಲ್ಲಿ ಉದಾಂತ ಸಿಂಗ್ ಬಲದಿಂದ ಅಂಥದ್ದನ್ನೇ ಹಾಕಿದರು, ಚೆಟ್ರಿ ಮುಂದಕ್ಕೆ ಜಿಗಿದು ತಲೆಯಿಂದ ಗೋಲಿಗಟ್ಟಿದರು. ಕಂಠೀರವದಲ್ಲಿ ಓಟದ ಟ್ರ್ಯಾಕ್ ಇರುವುದರಿಂದ ಗ್ಯಾಲರಿ ಮೈದಾನದಿಂದ ದೂರ. ಆಟಗಾರರ ಮುಖ ಕಾಣುವುದಿಲ್ಲ ಎಂದು ಗೊಣಗುವವರುಂಟು, ಆದರೆ ಡಿಫೆಂಡರ್‌ಗಳ ಸಾಲು ಎಲ್ಲಿ ಬಿರುಕು ಬಿಡುತ್ತಿದೆ ಎಂದು ನೋಡಲು ಅಷ್ಟು ದೂರವೇ ಚೆನ್ನ. ಅವತ್ತು ಕೊನೆಗೆ ಚೆನ್ನೈಯಿನ್ 3-2ರಿಂದ ಗೆದ್ದಿತು. ಅವರ ಮೂರರಲ್ಲಿ ಎರಡು ಗೋಲು ಕಾರ್ನರ್‌ನಿಂದ ಬಂದ ಚೆಂಡಿಗೆ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಹೊಡೆದ ಹೆಡರ್‌ಗಳು. ಅವರ ಬಳಿ ಎತ್ತರದ ಆಳಿದ್ದ, ಅವರು ಎತ್ತರದ ಚೆಂಡನ್ನೇ ಹಾಕಿದರು.

ಮರುವರ್ಷ ಜನವರಿ 6ರಂದು ಅಬುಧಾಬಿಯಲ್ಲಿ ಏಷ್ಯಾ ಕಪ್‌ನ ಥಾಯ್ಲೆಂಡ್ ಪಂದ್ಯ. ದ್ವಿತೀಯಾರ್ಧ ಆಗಷ್ಟೇ ಶುರುವಾಗಿತ್ತು. ಮತ್ತೆ ಅದೇ ಉದಾಂತ, ಅದೇ ಬಲ ಅಂಚು. ಈ ಸಲ ಡಿಫೆಂಡರ್‌ಗಳು ಗೋಲಿನತ್ತ ಓಡುತ್ತಿದ್ದರು, ಚೆಟ್ರಿ ಅವರ ಹಿಂದೆ ಉಳಿದಿದ್ದರು. ಉದಾಂತ ಚೆಂಡನ್ನು ಎತ್ತಲಿಲ್ಲ, ನೆಲದ ಮೇಲೆಯೇ ಒಳಗೆ ಬಿಟ್ಟರು. ಆಶಿಕ್ ಕುರುನಿಯನ್ ಒಂದೇ ಸ್ಪರ್ಶದಲ್ಲಿ ಅದನ್ನು ಬಿಟ್ಟುಕೊಟ್ಟರು. ಎದುರಿಗೆ ಅಡ್ಡ ಬರುವವರಿಲ್ಲದ ಚೆಟ್ರಿ ಚೆಂಡನ್ನು ನಿಲ್ಲಿಸುವ ಗೊಡವೆಗೂ ಹೋಗದೆ ಬಂದ ಹಾಗೇ ಗೋಲಿಗೆ ಹೊಡೆದರು.