ವಾರ್ಷಿಕೋತ್ಸವದ ಆಮಂತ್ರಣ: ಚಿತ್ರದ ಕೆಳಗಿನ ಸಾಲುಗಳು

ಡಿಸೆಂಬರ್ ಬಂತೆಂದರೆ ಪೋಷಕರ ವಾಟ್ಸಾಪ್ ಗ್ರೂಪಿಗೆ ಶಾಲಾ ವಾರ್ಷಿಕೋತ್ಸವದ ಆಮಂತ್ರಣ ಬಂದು ಬೀಳುತ್ತದೆ. ಚಿತ್ರದಲ್ಲಿ ಮುಖ್ಯ ಅತಿಥಿಗಳ ಫೋಟೊ, ಅಧ್ಯಕ್ಷತೆ, ಘನ ಉಪಸ್ಥಿತಿ ಎಲ್ಲ ಇರುತ್ತದೆ. ಮೂರನೇ ತರಗತಿಯ ಮಗುವನ್ನು ಎಷ್ಟು ಗಂಟೆಗೆ ಯಾವ ಗೇಟಿನಲ್ಲಿ ಬಿಡಬೇಕು ಎನ್ನುವುದು ಮಾತ್ರ ಇರುವುದಿಲ್ಲ. ಅದನ್ನು ಹೇಳಬೇಕಾದದ್ದು ಚಿತ್ರದ ಕೆಳಗೆ ಟೈಪ್ ಮಾಡುವ ಸಾಲುಗಳು. ಅಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದು ಬರೆದು ಮುಗಿಸಿದರೆ ಮರುದಿನವಿಡೀ ಶಾಲೆಯ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ.

400 ಮಕ್ಕಳ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಮೈದಾನದಲ್ಲಿ 700 ಕುರ್ಚಿ ಹಿಡಿಯುತ್ತದೆ, ವೇದಿಕೆಗೆ 18 ನೃತ್ಯಗಳಿವೆ. ಒಂದು ನೃತ್ಯಕ್ಕೆ ಐದು ನಿಮಿಷ, ಒಂದು ತಂಡ ಇಳಿದು ಇನ್ನೊಂದು ಹತ್ತಲು ಎರಡು ನಿಮಿಷ ಎಂದರೂ ಎರಡು ಗಂಟೆ ದಾಟುತ್ತದೆ. ಪ್ರಾರ್ಥನೆ, ದೀಪ ಬೆಳಗುವುದು, ವರದಿ ವಾಚನ, ಬಹುಮಾನ, ಅತಿಥಿಗಳ ಭಾಷಣಕ್ಕೆ ಒಂದೂಕಾಲು ಗಂಟೆ ಬೇಕೇ ಬೇಕು. ಐದಕ್ಕೆ ಶುರುವಾದರೆ ಮುಗಿಯುವಾಗ ಎಂಟೂವರೆ. ಭಾಷಣ ಬೆಳೆದರೂ ಹತ್ತರ ಆಚೆ ಹೋಗುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಗಿಯುವ ಹೊತ್ತನ್ನೂ ಬರೆಯಬೇಕು. ಕೊನೆಯ ಬಸ್ ಹಿಡಿಯಬೇಕಾದ ಅಜ್ಜಿಗೆ ಬೇಕಾದ ಮಾಹಿತಿ ಅದೇ.

ಪ್ರತಿ ನೃತ್ಯಕ್ಕೂ ಗಂಟೆ ನಮೂದಿಸಲು ಹೋಗಬಾರದು, ಅದು ಖಂಡಿತ ತಪ್ಪುತ್ತದೆ. ಯಾವ ತರಗತಿ ಮೊದಲು, ಯಾವುದು ಆಮೇಲೆ ಎಂದರೆ ಸಾಕು. ಪುಟ್ಟ ಮಕ್ಕಳದ್ದು ಮೊದಲು ಆಗಲಿ, ಏಳಾದರೆ ಅವು ತೂಕಡಿಸತೊಡಗುತ್ತವೆ.

ಪಾಸಿನ ವಿಷಯದಲ್ಲಿ ಲೆಕ್ಕ ತಪ್ಪಿದರೆ ಗೇಟಿನಲ್ಲಿ ಜಗಳ. ‘ಒಂದು ಮಗುವಿಗೆ ಎರಡು ಪಾಸ್’ ಎಂದರೆ 800 ಜನ, ಕುರ್ಚಿ ಸಾಲದು. ಅಣ್ಣ ತಂಗಿಯರು ಒಂದೇ ಶಾಲೆಯಲ್ಲಿ ಓದುವ ಮನೆಗಳನ್ನು ಕಳೆದು 330 ಕುಟುಂಬ ಎಂದಿಟ್ಟುಕೊಂಡರೆ, ‘ಒಂದು ಮನೆಗೆ ಎರಡು’ ಎಂದಾಗ 660ಕ್ಕೆ ನಿಲ್ಲುತ್ತದೆ. ಅಜ್ಜ ಅಜ್ಜಿಯನ್ನು ಬಿಟ್ಟು ಬನ್ನಿ ಎನ್ನುವುದು ಕಷ್ಟದ ಮಾತು, ನಿಜ. ಆದರೆ 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲೆಯೊಂದರ ವಾರ್ಷಿಕ ಸಮಾರಂಭದ ಶಾಮಿಯಾನಕ್ಕೆ ಬೆಂಕಿ ಬಿದ್ದಾಗ, ಕಿಕ್ಕಿರಿದ ಜನಕ್ಕೆ ಹೊರಬರಲು ದಾರಿ ಸಾಲದೆ 400ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಜನರ ಮಿತಿ ಹಾಕುವುದು, ದಾರಿ ಖಾಲಿ ಇಡುವುದು ಶಾಲೆಯ ಬಿಗುಮಾನವಲ್ಲ.

ಪಾರ್ಕಿಂಗ್ ಬಗ್ಗೆ ಬರೆಯುವವರು ‘ಇಲ್ಲಿ ನಿಲ್ಲಿಸಬೇಡಿ’ ಎಂದಷ್ಟೇ ಬರೆದು ಬಿಡುತ್ತಾರೆ. ಹಾಗಾದರೆ ಎಲ್ಲಿ ನಿಲ್ಲಿಸುವುದು? ಜಾಗ ಹೇಳಿ, ಅಲ್ಲಿಂದ ನಡೆಯಬೇಕಾದ ದೂರವನ್ನೂ ಹೇಳಿದರೆ ಜನ ಅದಕ್ಕೆ ತಕ್ಕಂತೆ ಮನೆಯಿಂದ ಹೊರಡುತ್ತಾರೆ.

ಪೋಷಕರು ಆ ದಿನ ಯಾವ ಕ್ರಮದಲ್ಲಿ ಏನೇನು ಮಾಡುತ್ತಾರೋ ಅದೇ ಕ್ರಮದಲ್ಲಿ ಬರೆದರೆ ಹೀಗಾಗುತ್ತದೆ:

*ವಾರ್ಷಿಕೋತ್ಸವ: ಡಿಸೆಂಬರ್ 20, ಶನಿವಾರ, ಶಾಲಾ ಮೈದಾನ*
ಮಕ್ಕಳನ್ನು ಮಧ್ಯಾಹ್ನ 3.30ಕ್ಕೆ ಹಿಂದಿನ ಗೇಟಿನಲ್ಲಿ ತರಗತಿ ಶಿಕ್ಷಕರ ಬಳಿ ಬಿಡಿ.
ಸ್ಕೂಟರ್, ಬೈಕ್: ಶಾಲೆಯ ಪಕ್ಕದ ಖಾಲಿ ಸೈಟ್. ಕಾರು: ಕಲ್ಯಾಣ ಮಂಟಪದ ಆವರಣ, ಐದು ನಿಮಿಷದ ನಡಿಗೆ. ಶಾಲೆಯ ಮುಂದಿನ ರಸ್ತೆ ಆಂಬುಲೆನ್ಸ್‌ಗೆ ಮೀಸಲು.
ಪೋಷಕರ ಪ್ರವೇಶ 4.30ರಿಂದ, ಮುಖ್ಯ ಗೇಟ್. ಒಂದು ಮನೆಗೆ ಎರಡು ಪಾಸ್. ಮಡಿಲಲ್ಲಿ ಕೂರುವ ಮಕ್ಕಳಿಗೆ ಪಾಸ್ ಬೇಡ.
5ರಿಂದ 6.15: ಸಭೆ, ಬಹುಮಾನ ವಿತರಣೆ. ನಂತರ ನೃತ್ಯ: ಮೊದಲು ಎಲ್‌ಕೆಜಿಯಿಂದ 2ನೇ ತರಗತಿ, ಆಮೇಲೆ 3ರಿಂದ 7. ಮುಕ್ತಾಯ 8.30.
ಗ್ರೀನ್ ರೂಮಿಗೆ ಪೋಷಕರು ಬರುವಂತಿಲ್ಲ. ನೃತ್ಯ ಮುಗಿದ ಮೇಲೆ ಮಗುವಿನ ತರಗತಿ ಕೋಣೆಯಲ್ಲಿ ಪಾಸ್ ತೋರಿಸಿ ಕರೆದುಕೊಂಡು ಹೋಗಿ.

ಮೊದಲ ಸಾಲಿನ ಎರಡೂ ತುದಿಯ ನಕ್ಷತ್ರ ಚಿಹ್ನೆ ವಾಟ್ಸಾಪಿನಲ್ಲಿ ಅಕ್ಷರ ದಪ್ಪವಾಗಿಸಲು. ಎಲ್ಲ ಸಾಲಿಗೂ ಹಾಕಿದರೆ ಯಾವುದೂ ಎದ್ದು ಕಾಣುವುದಿಲ್ಲ. ಸಂದೇಶ ಉದ್ದವಾದರೆ ಕೆಳಗಿನ ಭಾಗ ಮಡಚಿಕೊಳ್ಳುತ್ತದೆ, ಹಾಗಾಗಿ ದಿನ ಮತ್ತು ಮಕ್ಕಳನ್ನು ಬಿಡುವ ಹೊತ್ತು ಮೇಲೆಯೇ ಇರಬೇಕು. ಸ್ವಾಗತದ ಮಾತು ಹೇಗೂ ಚಿತ್ರದಲ್ಲಿದೆ. ಚಿತ್ರವನ್ನಷ್ಟೇ ಉಳಿಸಿಕೊಂಡು ಬೇರೆಯವರಿಗೆ ಕಳಿಸಿದರೆ ಕೆಳಗಿನ ಸಾಲುಗಳು ಜೊತೆಗೆ ಹೋಗುವುದಿಲ್ಲ. ಅದಕ್ಕೇ ದಿನಾಂಕ ಮತ್ತು ಪ್ರವೇಶದ ಸಮಯ ಎರಡೂ ಕಡೆ ಇದ್ದು, ಒಂದಕ್ಕೊಂದು ಹೊಂದಬೇಕು.

ಕಳಿಸಿದ ಮೇಲೆ ಒಂದೇ ಪ್ರಶ್ನೆಗೆ ನಾಲ್ಕೈದು ಫೋನ್ ಬಂದರೆ ಆ ಸಾಲು ಸರಿಯಿಲ್ಲ ಎಂದರ್ಥ. ತಿದ್ದುವಾಗ ಹಳೆಯದನ್ನು ಗ್ರೂಪಿನಿಂದ ಅಳಿಸಿ, ಹೊಸದರ ತಲೆಯಲ್ಲಿ ‘ಪರಿಷ್ಕೃತ’ ಎಂದು ಬರೆಯಬೇಕು. ಇಲ್ಲವಾದರೆ ಅರ್ಧ ಜನ ಹಳೆಯ ಹೊತ್ತಿಗೆ, ಹಳೆಯ ಗೇಟಿಗೇ ಬರುತ್ತಾರೆ.