ಲೂಪ್ ಕೈಮೀರದಂತೆ ಅದರ ಅಂಚನ್ನು ಅಳೆಯುವ ರಿಲೇ ಪರೀಕ್ಷೆ

ಓವನ್, ಬಾಯ್ಲರ್, ರಾಸಾಯನಿಕ ತೊಟ್ಟಿ ಇವುಗಳ ಉಷ್ಣತೆಯನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸುವ ಕೆಲಸವನ್ನು ಹೆಚ್ಚಿನ ಕಡೆ ಪಿಐಡಿ ಕಂಟ್ರೋಲರ್ ಮಾಡುತ್ತದೆ. ಅದು ಸರಿಯಾಗಿ ನಡೆಯಬೇಕಾದರೆ ಮೂರು ಸಂಖ್ಯೆಗಳನ್ನು ಹೊಂದಿಸಿ ಕೊಡಬೇಕು. ತಪ್ಪು ಎಷ್ಟಿದೆಯೋ ಅದಕ್ಕೆ ತಕ್ಕಂತೆ ಎಷ್ಟು ಜೋರಾಗಿ ತಿದ್ದಬೇಕು ಎಂಬುದನ್ನು ಗೇನ್ ಹೇಳುತ್ತದೆ. ಹಿಂದಿನಿಂದ ಉಳಿದುಬಂದ ತಪ್ಪನ್ನು ಎಷ್ಟು ಬೇಗ ತೀರಿಸಬೇಕು ಎಂಬುದು ಇಂಟಿಗ್ರಲ್ ಸಮಯ. ತಪ್ಪು ಬದಲಾಗುತ್ತಿರುವ ವೇಗಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಡಿರೈವೇಟಿವ್ ಸಮಯ. ಈ ಮೂರನ್ನು ಹೊಂದಿಸುವುದಕ್ಕೇ ಟ್ಯೂನಿಂಗ್ ಎನ್ನುತ್ತಾರೆ.

ಅಮೆರಿಕದ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿಯಲ್ಲಿದ್ದ ಜಾನ್ ಝೀಗ್ಲರ್ ಮತ್ತು ನಥಾನಿಯಲ್ ನಿಕೋಲ್ಸ್ 1942ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಇಂಟಿಗ್ರಲ್, ಡಿರೈವೇಟಿವ್ ಎರಡನ್ನೂ ಬಂದ್ ಮಾಡಿ, ಗೇನನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು. ಗೇನ್ ಕಡಿಮೆ ಇರುವಾಗ ಉಷ್ಣತೆ ಒಂದೆರಡು ಬಾರಿ ತೂಗಾಡಿ ಸುಮ್ಮನಾಗುತ್ತದೆ. ಏರಿಸುತ್ತ ಹೋದಂತೆ ಒಂದು ಹಂತದಲ್ಲಿ ಆ ಆಂದೋಲನ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಒಂದೇ ಸಮನೆ ನಡೆಯುತ್ತಿರುತ್ತದೆ. ಆಗಿನ ಗೇನ್‌ಗೆ ಅಲ್ಟಿಮೇಟ್ ಗೇನ್ (Ku) ಎಂದೂ, ಒಂದು ಆಂದೋಲನ ಮುಗಿಯಲು ಹಿಡಿಯುವ ಸಮಯಕ್ಕೆ ಅಲ್ಟಿಮೇಟ್ ಅವಧಿ (Tu) ಎಂದೂ ಹೆಸರು. ಇವೆರಡು ಗೊತ್ತಾದರೆ ಮೂರು ಸಂಖ್ಯೆಗಳನ್ನೂ ಸರಳ ಸೂತ್ರದಿಂದ ಪಡೆಯಬಹುದು.

ಕಷ್ಟ ಇರುವುದು ಆ ಹಂತವನ್ನು ಹುಡುಕುವುದರಲ್ಲಿ. Ku ಎಂದರೆ ಲೂಪ್ ಸ್ಥಿರವಾಗಿರುವ ಕೊನೆಯ ಅಂಚು. ಗೇನ್ ಅದಕ್ಕಿಂತ ತುಸು ಕಡಿಮೆಯಿದ್ದರೆ ಆಂದೋಲನ ಬಹಳ ನಿಧಾನವಾಗಿ ಕುಗ್ಗುವುದರಿಂದ, ಅದು ಕುಗ್ಗುತ್ತಿದೆಯೋ ಒಂದೇ ಸಮ ಇದೆಯೋ ತಿಳಿಯಲು ಹಲವು ಸುತ್ತು ಕಾಯಬೇಕು. ತುಸು ಹೆಚ್ಚಾದರೆ ಪ್ರತಿ ಸುತ್ತಿಗೂ ಆಂದೋಲನ ದೊಡ್ಡದಾಗುತ್ತದೆ. ಹೀಟರ್ ಪೂರ್ತಿ ಉರಿದು ಪೂರ್ತಿ ಆರುವ ಮಟ್ಟ ಮುಟ್ಟುವವರೆಗೂ ಅದು ನಿಲ್ಲುವುದಿಲ್ಲ. ನಡೆಯುತ್ತಿರುವ ಕಾರ್ಖಾನೆಯಲ್ಲಿ ಇಂಥ ಪ್ರಯೋಗಕ್ಕೆ ಯಾರೂ ಒಪ್ಪುವುದಿಲ್ಲ.

1984ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಕಾರ್ಲ್ ಯೋಹಾನ್ ಓಸ್ಟ್ರೋಮ್ ಮತ್ತು ತೋರೆ ಹೆಗ್ಲುಂಡ್ ಇದಕ್ಕೆ ಬೇರೆ ಮಾರ್ಗ ಪ್ರಕಟಿಸಿದರು. ಟ್ಯೂನಿಂಗ್ ನಡೆಯುವಷ್ಟು ಹೊತ್ತು ಪಿಐಡಿಯನ್ನು ಬದಿಗಿಟ್ಟು, ಅದರ ಜಾಗದಲ್ಲಿ ಒಂದು ರಿಲೇ ಕೂರಿಸುವುದು ಅವರ ವಿಧಾನ. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್ ಮಾಡುವುದೂ ಇದೇ ಕೆಲಸವನ್ನು: ಬಿಸಿ ಸಾಲದಿದ್ದರೆ ಹೀಟರ್ ಹಚ್ಚುವುದು, ಹೆಚ್ಚಾದರೆ ಆರಿಸುವುದು. ವ್ಯತ್ಯಾಸ ಒಂದೇ. ಇಲ್ಲಿನ ರಿಲೇ ಪೂರ್ತಿ ಹಚ್ಚಿ ಪೂರ್ತಿ ಆರಿಸಬೇಕೆಂದೇನಿಲ್ಲ. ಮಾಮೂಲಿ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡಿದರೆ ಸಾಕು. ಆ ಏರಿಳಿತದ ಅಳತೆಯನ್ನು d ಎನ್ನೋಣ. ಅದನ್ನು ಮೊದಲೇ ಗೊತ್ತುಮಾಡಿ ಇಡುವುದರಿಂದ, ಉಷ್ಣತೆ ಎಷ್ಟರ ಮಟ್ಟಿಗೆ ತೂಗಾಡಬಹುದು ಎಂಬುದಕ್ಕೂ ಮೊದಲೇ ಮಿತಿ ಬಿದ್ದಿರುತ್ತದೆ.

ಒಂದು ಲೆಕ್ಕ ಹಿಡಿದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಸಣ್ಣ ವಿದ್ಯುತ್ ಓವನ್ ಇದೆ; ಹೊರಗಿನ ಉಷ್ಣತೆ 30 ಡಿಗ್ರಿ. ಹೀಟರ್ ಶಕ್ತಿಯನ್ನು ಶೇ. 1 ಏರಿಸಿದರೆ ಓವನ್ ಕೊನೆಗೆ 2 ಡಿಗ್ರಿ ಏರುತ್ತದೆ. ಹೀಗಾಗಿ ಶೇ. 40ರಲ್ಲಿ ಅದು 110 ಡಿಗ್ರಿಯಲ್ಲಿ ನಿಲ್ಲುತ್ತದೆ. ಹೀಟರ್ ಬದಲಾಯಿಸಿದ ಮೇಲೆ ಸೆನ್ಸರ್‌ಗೆ ಸುದ್ದಿ ಮುಟ್ಟಲು 20 ಸೆಕೆಂಡು ಬೇಕು. ಇದು ಡೆಡ್ ಟೈಮ್. ಆಮೇಲೆ ಉಷ್ಣತೆ ಏರತೊಡಗಿ, ಒಟ್ಟು ಏರಿಕೆಯ ಶೇ. 63ರಷ್ಟನ್ನು ಮುಗಿಸಲು ಇನ್ನೂ 120 ಸೆಕೆಂಡು ತೆಗೆದುಕೊಳ್ಳುತ್ತದೆ. ಗಣಿತದಿಂದ ನೇರವಾಗಿ ಲೆಕ್ಕ ಹಾಕಿದರೆ ಈ ಓವನ್‌ನ ನಿಜವಾದ Ku ಡಿಗ್ರಿಗೆ ಶೇ. 5.04, Tu 75.2 ಸೆಕೆಂಡು. ಆದರೆ ಇದನ್ನು ಟ್ಯೂನ್ ಮಾಡುವವರಿಗೆ ಇವು ಯಾವುವೂ ಗೊತ್ತಿರುವುದಿಲ್ಲ.

ಸೆಟ್‌ಪಾಯಿಂಟ್ 110 ಡಿಗ್ರಿ, d ಶೇ. 10 ಎಂದು ಇಟ್ಟು ರಿಲೇ ಪರೀಕ್ಷೆ ಶುರು ಮಾಡಲಾಗುತ್ತದೆ. ಉಷ್ಣತೆ 110ಕ್ಕಿಂತ ಕೆಳಗಿದ್ದರೆ ಹೀಟರ್ ಶೇ. 50, ಮೇಲಿದ್ದರೆ ಶೇ. 30. ಉಷ್ಣತೆ 110 ದಾಟುತ್ತಿದ್ದಂತೆ ರಿಲೇ ಹೀಟರನ್ನು ಇಳಿಸುತ್ತದೆ, ಆದರೆ ಸುದ್ದಿ ಮುಟ್ಟುವ 20 ಸೆಕೆಂಡು ಉಷ್ಣತೆ ಏರುತ್ತಲೇ ಇರುತ್ತದೆ. 113.1 ಮುಟ್ಟಿದ ಮೇಲೆ ಇಳಿಯತೊಡಗಿ, ಸುಮಾರು 17 ಸೆಕೆಂಡಿನಲ್ಲಿ ಮತ್ತೆ 110ಕ್ಕೆ ಬರುತ್ತದೆ. ರಿಲೇ ಈಗ ಹೀಟರ್ ಏರಿಸುತ್ತದೆ; ಉಷ್ಣತೆ 106.9ರವರೆಗೆ ಇಳಿದು ತಿರುಗುತ್ತದೆ. ಕೆಲವೇ ಸುತ್ತಿನಲ್ಲಿ ಇದೇ ಲಯ ನೆಲೆಗೊಳ್ಳುತ್ತದೆ. ಒಂದು ಪೂರ್ತಿ ಸುತ್ತಿಗೆ 74.3 ಸೆಕೆಂಡು, ಮೇಲೂ ಕೆಳಗೂ ಆಂದೋಲನದ ಎತ್ತರ 3.07 ಡಿಗ್ರಿ.

ಈ ಲಯವೇ ಅಲ್ಟಿಮೇಟ್ ಅವಧಿ ಆಗುವುದು ಹೇಗೆ? ರಿಲೇ ಯಾವಾಗಲೂ ತಪ್ಪಿನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಆದರೂ ಆಂದೋಲನ ಮುಂದುವರಿಯುತ್ತದೆ ಎಂದರೆ, ಆ ತಳ್ಳು ಓವನ್ ಮೂಲಕ ಹಾದುಬರುವಷ್ಟರಲ್ಲಿ ಅರ್ಧ ಸುತ್ತು ತಡವಾಗಿ, ತಿದ್ದುವ ಬದಲು ಆಂದೋಲನಕ್ಕೇ ಬಲ ಕೊಡುತ್ತಿದೆ ಎಂದರ್ಥ. ಹೀಗೆ ಸರಿಯಾಗಿ ಅರ್ಧ ಸುತ್ತು ತಡವಾಗುವ ಲಯ ಹೆಚ್ಚಿನ ಲೂಪ್‌ಗಳಿಗೆ ಒಂದಿರುತ್ತದೆ. ಝೀಗ್ಲರ್ ಮತ್ತು ನಿಕೋಲ್ಸ್ ಗೇನ್ ಏರಿಸಿ ಹುಡುಕಿದ್ದೂ ಅದನ್ನೇ. ರಿಲೇ ಇಟ್ಟಾಗ ಲೂಪ್ ಆ ಲಯವನ್ನು ತಾನಾಗಿಯೇ ಆರಿಸಿಕೊಳ್ಳುತ್ತದೆ.

ಗೇನ್ ಸಿಗುವ ಬಗೆ ಇನ್ನೂ ಸ್ವಾರಸ್ಯಕರ. ರಿಲೇ ಹೊರಡಿಸುವುದು ಚೌಕ ಅಲೆ. ಅದರೊಳಗಿನ ಮುಖ್ಯ ಸೈನ್ ಅಲೆಯ ಎತ್ತರ 4d/π, ಅಂದರೆ d ಯ 1.27ರಷ್ಟು. ಉಳಿದ ವೇಗದ ಅಲೆಗಳು ಓವನ್‌ನ ಜಡತೆಯಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತವೆ. ಉಷ್ಣತೆಯ ಆಂದೋಲನದ ಎತ್ತರ a ಆಗಿದ್ದರೆ, ರಿಲೇ ಆ ಹೊತ್ತಿಗೆ ಎಷ್ಟು ಗೇನ್ ಇರುವ ಕಂಟ್ರೋಲರ್‌ನಂತೆ ನಡೆದುಕೊಳ್ಳುತ್ತಿದೆ ಎಂಬುದು ಈ ಸೂತ್ರದಿಂದ ತಿಳಿಯುತ್ತದೆ:

Ku = 4d / (π × a)

ಲೂಪ್ ಕೈಮೀರದಿರುವ ಗುಟ್ಟು ಇದರಲ್ಲೇ ಇದೆ. a ಕೆಳಗಿರುವುದರಿಂದ, ಆಂದೋಲನ ದೊಡ್ಡದಾದಷ್ಟೂ ರಿಲೇಯ ಗೇನ್ ಇಳಿಯುತ್ತದೆ. ನಮ್ಮ ಓವನ್‌ನಲ್ಲಿ ಆಂದೋಲನ 1 ಡಿಗ್ರಿಯಷ್ಟೇ ಇದ್ದರೆ ಗೇನ್ 12.7, ಅದು ಅಂಚಿಗಿಂತ ಬಹಳ ಹೆಚ್ಚು, ಹಾಗಾಗಿ ಆಂದೋಲನ ಬೆಳೆಯುತ್ತದೆ. 6 ಡಿಗ್ರಿ ಆಗಿಬಿಟ್ಟರೆ ಗೇನ್ 2.1ಕ್ಕೆ ಇಳಿಯುತ್ತದೆ, ಅದು ಅಂಚಿಗಿಂತ ಕಡಿಮೆ, ಹಾಗಾಗಿ ಆಂದೋಲನ ಕುಗ್ಗುತ್ತದೆ. ಎರಡರ ನಡುವೆ ಎಲ್ಲಿ ಬೆಳೆಯುವುದೂ ಕುಗ್ಗುವುದೂ ಸಮವಾಗುತ್ತದೋ ಅಲ್ಲಿ ಅದು ನಿಲ್ಲುತ್ತದೆ. ಗೇನನ್ನು ಕೈಯಿಂದ ಏರಿಸುವಾಗ ಅಂಚು ದಾಟಿದರೆ ಹಿಂದಕ್ಕೆ ಎಳೆಯುವ ಶಕ್ತಿ ಇರುವುದಿಲ್ಲ. ಇಲ್ಲಿ ಅದು ರಿಲೇಯಲ್ಲೇ ಇದೆ.

ಅಳತೆಗಳನ್ನು ಸೂತ್ರಕ್ಕೆ ಹಾಕಿದರೆ 40 ÷ (3.14 × 3.07), ಅಂದರೆ 4.15 ಬರುತ್ತದೆ. ಅವಧಿ ಶೇ. 1ರಷ್ಟು ಮಾತ್ರ ತಪ್ಪಿದೆ. ಗೇನ್ ನಿಜಕ್ಕಿಂತ ಶೇ. 18 ಕಡಿಮೆ ಬಂದಿದೆ. ಓವನ್‌ನ ಅಲೆ ನಯವಾದ ಸೈನ್ ಆಗಿರದೆ ತ್ರಿಕೋನಕ್ಕೆ ಹತ್ತಿರವಾಗಿರುವುದು ಇದಕ್ಕೆ ಕಾರಣ. ತಪ್ಪು ಕಡಿಮೆಯ ಕಡೆಗಿರುವುದರಿಂದ ಅಪಾಯವಿಲ್ಲ. ಆದರೆ ಉದ್ದನೆಯ ಪೈಪಿನಂತೆ, ಡೆಡ್ ಟೈಮೇ ಹೆಚ್ಚಾಗಿದ್ದು ಜಡತೆ ಬಹಳ ಕಡಿಮೆಯಿರುವ ಲೂಪ್‌ನಲ್ಲಿ ಹೊರಬರುವ ಅಲೆಯೂ ಚೌಕವಾಗಿಬಿಡುತ್ತದೆ. ಆಗ ಸೂತ್ರ Ku ವನ್ನು ಶೇ. 27ರವರೆಗೆ ಹೆಚ್ಚಾಗಿ ತೋರಿಸಬಹುದು. ದಾಖಲಾದ ಅಲೆ ಚೌಕಾಕಾರವಾಗಿ ಕಂಡರೆ ಸಿಕ್ಕ ಗೇನನ್ನು ಅಷ್ಟು ಇಳಿಸಿಕೊಂಡೇ ಬಳಸುವುದು ಒಳ್ಳೆಯದು.

ನಿಜವಾದ ಸೆನ್ಸರ್ ಇನ್ನೊಂದು ತೊಂದರೆ ತರುತ್ತದೆ. ಅದರ ಅಳತೆ ಸದಾ ಸ್ವಲ್ಪ ನಡುಗುತ್ತಿರುತ್ತದೆ. ಉಷ್ಣತೆ 110ರ ಹತ್ತಿರ ಬಂದಾಗ ಆ ನಡುಕಕ್ಕೇ ರಿಲೇ ಪಟಪಟನೆ ಹಚ್ಚಿ ಆರಿಸಿ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಇದನ್ನು ತಪ್ಪಿಸಲು ಹಿಸ್ಟರಿಸಿಸ್ ಇಡುತ್ತಾರೆ: 110.5 ದಾಟಿದ ಮೇಲೆ ಮಾತ್ರ ಇಳಿಸುವುದು, 109.5ಕ್ಕಿಂತ ಕೆಳಗೆ ಹೋದ ಮೇಲೆ ಮಾತ್ರ ಏರಿಸುವುದು. ಇದಕ್ಕೂ ಒಂದು ಬೆಲೆಯಿದೆ. ಇದೇ ಓವನ್‌ನಲ್ಲಿ ಅರ್ಧ ಡಿಗ್ರಿಯ ಹಿಸ್ಟರಿಸಿಸ್ ಇಟ್ಟರೆ ಅವಧಿ 74ರಿಂದ 85 ಸೆಕೆಂಡಿಗೆ ಹೋಗುತ್ತದೆ; ಹಿಸ್ಟರಿಸಿಸ್‌ಗೆ ತಕ್ಕಂತೆ ಸೂತ್ರವನ್ನು ತಿದ್ದಿಕೊಂಡರೂ Ku 3.7ಕ್ಕೆ ಇಳಿಯುತ್ತದೆ. ಆದ್ದರಿಂದ ಹಿಸ್ಟರಿಸಿಸ್ ನಡುಕಕ್ಕಿಂತ ತುಸುವೇ ಹೆಚ್ಚಿರಬೇಕು, ಆಂದೋಲನದ ಎತ್ತರ ಅದರ ಹಲವು ಪಟ್ಟು ಇರುವಂತೆ d ಯನ್ನು ಆರಿಸಬೇಕು.

ಪರೀಕ್ಷೆ ಸರಿಯಾಗಿ ನಡೆಯಿತೋ ಇಲ್ಲವೋ ಎಂಬುದನ್ನು ರಿಲೇ ಮೇಲೆ ಇದ್ದ ಹೊತ್ತು ಮತ್ತು ಕೆಳಗೆ ಇದ್ದ ಹೊತ್ತು ಹೇಳುತ್ತವೆ. ನಮ್ಮ ಲೆಕ್ಕದಲ್ಲಿ ಎರಡೂ 37 ಸೆಕೆಂಡು. ಒಂದು 50, ಇನ್ನೊಂದು 30 ಎಂದು ಬಂದರೆ ನಡುವಿನ ಮಟ್ಟ ಸರಿಯಿಲ್ಲ, ಇಲ್ಲವೇ ನಡುವೆ ಯಾರೋ ಓವನ್ ಬಾಗಿಲು ತೆರೆದಿದ್ದಾರೆ, ಇಲ್ಲವೇ ಓವನ್ ಬಿಸಿಯಾಗುವ ವೇಗಕ್ಕೂ ತಣಿಯುವ ವೇಗಕ್ಕೂ ಬಹಳ ವ್ಯತ್ಯಾಸವಿದೆ. 3ಡಿ ಪ್ರಿಂಟರ್‌ಗಳಲ್ಲಿ ಬಳಕೆಯಲ್ಲಿರುವ ಮಾರ್ಲಿನ್ ಫರ್ಮ್‌ವೇರ್ ಈ ತಿದ್ದುಪಡಿಯನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಕೊಡುವ ಆದೇಶ ಇಷ್ಟೇ:

```
M303 E0 S200 C8
```

ಮೊದಲ ನಾಝಲ್‌ನಲ್ಲಿ 200 ಡಿಗ್ರಿಯ ಸುತ್ತ 8 ಸುತ್ತು ರಿಲೇ ಪರೀಕ್ಷೆ ನಡೆಸು ಎಂದು ಇದರರ್ಥ. ಪ್ರತಿ ಸುತ್ತಿನ ಕೊನೆಗೆ ಮೇಲಿನ ಮತ್ತು ಕೆಳಗಿನ ಹೊತ್ತನ್ನು ಹೋಲಿಸಿ ಫರ್ಮ್‌ವೇರ್ ನಡುವಿನ ಮಟ್ಟವನ್ನು ಸರಿಸುತ್ತದೆ. ಪರದೆಯ ಮೇಲೆ `bias`, `d`, `min`, `max` ಮತ್ತು ಕೆಲವು ಸುತ್ತಿನ ಬಳಿಕ `Ku`, `Tu` ಮೂಡುತ್ತವೆ. ಲೆಕ್ಕ ಹಾಕುವುದು ಮೇಲಿನ ಸೂತ್ರದಿಂದಲೇ.

Ku, Tu ಸಿಕ್ಕ ಮೇಲೆ ಯಾವ ನಿಯಮ ಹಿಡಿಯಬೇಕು ಎಂಬುದು ಉಳಿಯುತ್ತದೆ. ಝೀಗ್ಲರ್–ನಿಕೋಲ್ಸ್ ನಿಯಮದಂತೆ ಗೇನ್ 0.6 Ku, ಇಂಟಿಗ್ರಲ್ ಸಮಯ Tu ದ ಅರ್ಧ, ಡಿರೈವೇಟಿವ್ ಸಮಯ Tu ದ ಎಂಟನೇ ಒಂದು ಭಾಗ. ನಮ್ಮ ಓವನ್‌ಗೆ ಇವು 2.5, 37 ಸೆಕೆಂಡು, 9 ಸೆಕೆಂಡು ಆಗುತ್ತವೆ. ಇದು ಚುರುಕಾದ ಹೊಂದಾಣಿಕೆ. ಸೆಟ್‌ಪಾಯಿಂಟ್ ಬದಲಿಸಿದಾಗ ಉಷ್ಣತೆ ಮಿತಿ ಮೀರಿ ಹೋಗಿ ಹಿಂದೆ ಬರುತ್ತದೆ. 1992ರಲ್ಲಿ ಟೈರಿಯಸ್ ಮತ್ತು ಲೂಬೆನ್ ಕೊಟ್ಟ ಮೆತ್ತಗಿನ ನಿಯಮ ಹಿಡಿದರೆ, ಡಿರೈವೇಟಿವ್ ಇಲ್ಲದೆ, ಗೇನ್ Ku/3.2 ಅಂದರೆ 1.3, ಇಂಟಿಗ್ರಲ್ ಸಮಯ 2.2 Tu ಅಂದರೆ 163 ಸೆಕೆಂಡು. ತಪ್ಪು ನಿಧಾನವಾಗಿ ತೀರುತ್ತದೆ, ಆದರೆ ತೂಗಾಟ ಬಹಳ ಕಡಿಮೆ.

ಎಲ್ಲ ಲೂಪ್‌ಗೂ ಈ ಪರೀಕ್ಷೆ ಒಗ್ಗುವುದಿಲ್ಲ. ಡೆಡ್ ಟೈಮ್ ಇಲ್ಲವೆನ್ನುವಷ್ಟು ಕಡಿಮೆಯಿದ್ದು ಒಂದೇ ಜಡತೆ ಇರುವ ವ್ಯವಸ್ಥೆ ಅರ್ಧ ಸುತ್ತು ತಡವಾಗುವುದೇ ಇಲ್ಲ. ಅಲ್ಲಿ ಆಂದೋಲನ ತೀರಾ ಚಿಕ್ಕದಾಗಿ, ವೇಗವಾಗಿ ನಡೆಯುತ್ತದೆ; ಸಿಗುವ ಸಂಖ್ಯೆ ಓವನ್ನಿನದಲ್ಲ, ಹಿಸ್ಟರಿಸಿಸ್‌ನದು. ಉಳಿದ ಕಡೆಗಳಲ್ಲೂ ಸಿಕ್ಕ Ku, Tu ಪರೀಕ್ಷೆ ನಡೆಸಿದ ಉಷ್ಣತೆ ಮತ್ತು ಹೊರೆಗೆ ಮಾತ್ರ ಸರಿ. ಆದ್ದರಿಂದ ಖಾಲಿ ಓವನ್‌ನಲ್ಲಿ ಅಲ್ಲ, ದಿನನಿತ್ಯ ತುಂಬುವಷ್ಟು ಸರಕು ತುಂಬಿ, ದಿನನಿತ್ಯದ ಸೆಟ್‌ಪಾಯಿಂಟ್‌ನಲ್ಲೇ ಈ ಪರೀಕ್ಷೆ ನಡೆಸಬೇಕು. ಹೀಟರ್ ಬದಲಿಸಿದಾಗ ಅಥವಾ ಸೆನ್ಸರ್‌ನ ಜಾಗ ಸರಿಸಿದಾಗ ಅದನ್ನು ಮತ್ತೊಮ್ಮೆ ಮಾಡಬೇಕು.